ಕ್ಲಾಸಿನ ಪರೀಕ್ಷೆಗೆ ಸ್ವಂತ ದೇವರನಾಮ ಬರೆದಿದ್ದೇನೆ, ಪಲ್ಲವಿ ತಾಳಕ್ಕೆ ಕೂರುತ್ತಿಲ್ಲ

ಹೊಸಕಲಿಕೆ:
ಎಲ್ಲರಿಗೂ ನಮಸ್ಕಾರ. ನಲವತ್ತೆರಡನೇ ವಯಸ್ಸಿನಲ್ಲಿ ಸಂಗೀತ ಕಲಿಯಲು ಶುರು ಮಾಡಿದವಳು ನಾನು. ಬರುವ ಭಾನುವಾರ ನಮ್ಮ ಕ್ಲಾಸಿನ ವರ್ಷದ ಪರೀಕ್ಷೆ. ಈ ಸಲ ಮೇಷ್ಟ್ರು ಒಂದು ಹೊಸ ಪ್ರಶ್ನೆ ಕೊಟ್ಟಿದ್ದಾರೆ. ದಾಸರ ಪದದ ರೀತಿಯಲ್ಲಿ ನಾವೇ ಒಂದು ಹಾಡು ಬರೆದು, ಕಲಿತಿರುವ ರಾಗದಲ್ಲಿ ಆದಿತಾಳಕ್ಕೆ ಹಾಡಬೇಕು. ಪಲ್ಲವಿ, ಮೂರು ಚರಣ, ಕೊನೆಯಲ್ಲಿ ಅಂಕಿತ ಇರಬೇಕು.

ಬಾವಿಗೆ ಬಿದ್ದವನು ಹಗ್ಗ ಬಿಡು ಎಂದು ದೇವರನ್ನು ಕೂಗುವ ಹಾಗೆ ಬರೆದಿದ್ದೇನೆ. ಚರಣ ಹೇಗೋ ಹಾಡಲು ಬರುತ್ತಿದೆ. ಪಲ್ಲವಿ ಮಾತ್ರ ಪ್ರತಿ ಸಲ ತಾಳ ತಪ್ಪುತ್ತದೆ. ಎಲ್ಲಿ ಕೆಟ್ಟಿದೆ ಹೇಳ್ತೀರಾ?

ಪಲ್ಲವಿ
ಹಗ್ಗವನ್ನು ಇಳಿಬಿಡು ನರಹರಿಯೇ
ಬಿದ್ದಿದ್ದೇನೆ ನಾನು ಸಂಸಾರದ ಬಾವಿಯಲ್ಲಿ

ಚರಣ 1
ಕಟ್ಟೆಯ ಮೇಲಿಂದಿಣುಕಿದೆನೋ
ದಿಟ್ಟಿಸಿ ನೆರಳನು ಬೆರಗಾದೆ
ಬೆಟ್ಟದ ಒಡೆಯನೆ ನಾನೆಂದೆ
ಕಟ್ಟಕಡೆಗೆ ತಳ ಸೇರಿದೆನೋ

ಚರಣ 2
ಬಳ್ಳಿಯ ಹಿಡಿದರೆ ಹರಿಯಿತದು
ಮುಳ್ಳಿನ ಗಿಡವನು ತಬ್ಬಿದೆನೋ
ಒಳ್ಳೆಯ ದಿನದಲಿ ಬಂದವರು
ಎಲ್ಲರು ನನ್ನನು ಬಿಟ್ಟರಲಾ

ಚರಣ 3
ಕುಗ್ಗಿದ ಕೊರಳಲಿ ಕೂಗಿದೆನೋ
ಅಗ್ಗದ ಮಾತೆಂದೆನಬೇಡ
ಬಗ್ಗುತ ಕೈಯನು ನೀಡಯ್ಯ
ಹಿಗ್ಗಿಸೊ ನಮ್ಮ ಪುರಂದರವಿಠಲ

ವೀಣಾಪ್ರಿಯ:
ಚೆನ್ನಾಗಿದೆ ರೀ! "ನೆರಳನು ದಿಟ್ಟಿಸಿ ಬೆರಗಾದೆ" ಅನ್ನೋದು ತುಂಬ ಇಷ್ಟವಾಯಿತು. ಆದರೆ ಅನುಪಲ್ಲವಿ ಎಲ್ಲಿ? ಅನುಪಲ್ಲವಿ ಇಲ್ಲದಿದ್ದರೆ ಅಂಕ ಕಟ್ ಆಗಲ್ವಾ?

ಜಾನಪದ ಹುಡುಗ:
ಜೂನಿಯರ್ ಪರೀಕ್ಷೆಗಾದರೆ ಸ್ವಂತ ಹಾಡು ಯಾರೂ ಕೇಳಲ್ಲ ಅಕ್ಕ. ಗೀತೆ, ಸ್ವರಜತಿ, ವರ್ಣ ಇವುಗಳ ಸ್ವರಲಿಪಿ ಬರೆಯೋದನ್ನ ಅಭ್ಯಾಸ ಮಾಡಿ. ನಾನು ಅದರಲ್ಲೇ ಪೆಟ್ಟು ತಿಂದಿದ್ದು. ಹಾಡೋದು ಸಲೀಸು, ಬರೆಯೋವಾಗ ಚುಕ್ಕೆ ಎಲ್ಲಿ ಮೇಲೆ, ಎಲ್ಲಿ ಕೆಳಗೆ ಅಂತ ಗೊಂದಲ ಆಗಿಬಿಡ್ತು.

ಹೊಸಕಲಿಕೆ:
ಇದು ಜೂನಿಯರ್ ಅಲ್ಲ ತಮ್ಮ, ನಮ್ಮ ಕ್ಲಾಸಿನೊಳಗಿನ ಪರೀಕ್ಷೆ. ಮುಂದಿನ ವರ್ಷ ಜೂನಿಯರ್‌ಗೆ ಕಟ್ಟುವಾಗ ನಿಮ್ಮ ಮಾತು ನೆನಪಿಟ್ಟುಕೊಳ್ತೀನಿ.

ಹಳೇ ತಂಬೂರಿ:
ಅನುಪಲ್ಲವಿ ಬೇಕೇ ಬೇಕು ಅಂತಿಲ್ಲ. ಪಲ್ಲವಿಯಿಂದ ನೇರ ಚರಣಕ್ಕೆ ಹೋಗುವ ದಾಸರ ಪದಗಳು ಬೇಕಾದಷ್ಟಿವೆ. ನಿಮ್ಮ ಮೇಷ್ಟ್ರು ಕೇಳಿದ್ದೂ ಪಲ್ಲವಿ ಮತ್ತು ಚರಣ, ಅಷ್ಟು ಸಾಕು.

ಇನ್ನು ತಾಳದ ವಿಷಯ. ಮೇಡಂ, ಒಂದು ಕೇಳುತ್ತೇನೆ. ಚರಣಗಳನ್ನು ತೊಡೆಯ ಮೇಲೆ ತಾಳ ಹಾಕಿಕೊಂಡು ಕಟ್ಟಿದಿರಿ, ಪಲ್ಲವಿಯನ್ನು ಮಾತ್ರ ಮೊದಲೇ ಪುಸ್ತಕದಲ್ಲಿ ಬರೆದುಕೊಂಡಿರಿ, ಹೌದಾ? ಏಕೆಂದರೆ ಚರಣಗಳಲ್ಲಿ ಒಂದು ಸಾಲೂ ತಪ್ಪಿಲ್ಲ. ಪಲ್ಲವಿ ಮಾತ್ರ ಮಾತಿನ ಹಾಗಿದೆ.

ಎಣಿಸಿ ನೋಡಿ. ಆದಿತಾಳಕ್ಕೆ ಎಂಟು ಎಣಿಕೆ. ಒಂದು ಎಣಿಕೆಗೆ ಎರಡು ಮಾತ್ರೆ ಇಟ್ಟರೆ ಒಂದು ಆವರ್ತಕ್ಕೆ ಹದಿನಾರು. ನಿಮ್ಮ ಚರಣದ ಒಂದು ಸಾಲು ತೆಗೆದುಕೊಳ್ಳೋಣ: ಕಟ್ಟೆಯ / ಮೇಲಿಂ / ದಿಣುಕಿದೆ / ನೋ. ನಾಲ್ಕು, ನಾಲ್ಕು, ನಾಲ್ಕು, ಆಮೇಲೆ "ನೋ" ಎರಡು. ಉಳಿದ ಎರಡು ಮಾತ್ರೆ ಎಳೆಯಲು, ಉಸಿರು ತೆಗೆದುಕೊಳ್ಳಲು. ಮುಂದಿನ ಸಾಲು ಮತ್ತೆ ಸಮದಲ್ಲಿ ಬಂದು ಬೀಳುತ್ತದೆ.

ಈಗ ಪಲ್ಲವಿಯ ಎರಡನೇ ಸಾಲು. "ಬಿದ್ದಿದ್ದೇನೆ ನಾನು" ಅಷ್ಟಕ್ಕೇ ಹತ್ತು ಮಾತ್ರೆ ಆಯಿತು. "ಸಂಸಾರದ" ಆರು, "ಬಾವಿಯಲ್ಲಿ" ಇನ್ನಾರು. ಒಟ್ಟು ಇಪ್ಪತ್ತೆರಡು. ಹದಿನಾರರ ಚೀಲಕ್ಕೆ ಇಪ್ಪತ್ತೆರಡು ಸೇರು ಹಾಕಿದ ಹಾಗೆ. ಆರು ಮಾತ್ರೆಯನ್ನು ನೀವು ಓಡಿಸಿಕೊಂಡು ಹೋಗುತ್ತಿದ್ದೀರಿ, ಅದಕ್ಕೇ ತಾಳ ತಪ್ಪುತ್ತಿದೆ.

ಮೊದಲ ಸಾಲಿನದು ಬೇರೆ ತೊಂದರೆ. ಒಟ್ಟು ಎಣಿಸಿದರೆ ಹದಿನಾರೇ ಬರುತ್ತದೆ. ಆದರೆ "ಹಗ್ಗವನ್ನು" ಅನ್ನುವುದರಲ್ಲಿ ನಾಲ್ಕನೇ ಮಾತ್ರೆ "ವನ್" ಅನ್ನುವ ಅಕ್ಷರದ ನಡುವೆ ಬಂದು ಬೀಳುತ್ತದೆ. ಅಲ್ಲದೆ ಕೊನೆಯಲ್ಲಿ ಉಸಿರಿಗೆ ಜಾಗವೇ ಇಲ್ಲ.

ಹೊಸಕಲಿಕೆ:
ಸರ್, ನೀವು ಹೇಳಿದ್ದು ನೂರಕ್ಕೆ ನೂರು ನಿಜ! ಪಲ್ಲವಿಯನ್ನು ಬಸ್ಸಿನಲ್ಲಿ ಬರುವಾಗ ಬರೆದುಕೊಂಡೆ. ಚರಣಗಳನ್ನು ಮನೆಯಲ್ಲಿ ಅಕ್ಕಿ ಆರಿಸುತ್ತಾ ತಾಳ ಹಾಕಿಕೊಂಡೇ ಕಟ್ಟಿದ್ದು. ಈಗ ಎಣಿಸಿ ನೋಡಿದೆ, ಇಪ್ಪತ್ತೆರಡೇ ಬಂತು.

ತಾಳಮೇಳ:
ಇಷ್ಟೆಲ್ಲ ಲೆಕ್ಕ ಯಾಕೆ? ದಾಸರು ಮಾತ್ರೆ ಎಣಿಸಿಕೊಂಡು ಬರೀತಿದ್ರಾ? ತಂಬೂರಿ ಮೀಟಿಕೊಂಡು ಹಾಡ್ತಾ ಹೋದರು, ಅಷ್ಟೇ. ಒಂದೆರಡು ಅಕ್ಷರ ಜಾಸ್ತಿ ಆದರೆ ಬೇಗ ಹೇಳಿದರಾಯ್ತು.

ಹಳೇ ತಂಬೂರಿ:
ಒಂದೆರಡು ಅಕ್ಷರ ಹೆಚ್ಚು ಕಮ್ಮಿ ಇರುವ ಸಾಲು ದಾಸರಲ್ಲೂ ಇವೆ, ಒಪ್ಪುತ್ತೇನೆ. ಹಾಡುವಾಗ ಅದು ಸರಿಹೋಗುತ್ತದೆ. ಆದರೆ ಅವರು ಎಣಿಸದೇ ಇದ್ದದ್ದು ಕೈಯಲ್ಲಿ ತಾಳ ಇತ್ತು ಅಂತ. ಗೆಜ್ಜೆ ಕಟ್ಟಿ ಹೆಜ್ಜೆ ಹಾಕುತ್ತಿದ್ದವರ ಕಾಲೇ ಎಣಿಸುತ್ತಿತ್ತು. ಈ ಮೇಡಂ ಅಕ್ಕಿ ಆರಿಸುತ್ತಾ ಕಟ್ಟಿದ ಚರಣದಲ್ಲೂ ಆದದ್ದು ಅದೇ ಅಲ್ವಾ? ಆರು ಮಾತ್ರೆ ಹೆಚ್ಚಾದರೆ ಮಾತ್ರ ಯಾವ ಹಾಡುಗಾರನೂ ಮುಚ್ಚಲಾರ.

ಪದ ಪ್ರೀತಿ:
ಪ್ರಾಸವೂ ನೋಡಿ ಅಕ್ಕ. ಚರಣಗಳಲ್ಲಿ ಎರಡನೇ ಅಕ್ಷರ ಚೆನ್ನಾಗಿ ಕೂತಿದೆ: ಕಟ್ಟೆ, ದಿಟ್ಟಿಸಿ, ಬೆಟ್ಟ, ಕಟ್ಟಕಡೆ. ಪಲ್ಲವಿಯಲ್ಲಿ "ಹಗ್ಗ"ಕ್ಕೆ "ಬಿದ್ದಿ" ಜೊತೆ ಸೇರಲ್ಲ. ಗ್ಗಕ್ಕೆ ಗ್ಗ ಬೇಕು. ಜಗ್ಗು, ಮುಗ್ಗು, ನುಗ್ಗು, ಬಗ್ಗು, ಸುಗ್ಗಿ, ಮೊಗ್ಗು. ಕನ್ನಡದಲ್ಲಿ ಗ್ಗಕ್ಕೆ ಬರವೇ ಇಲ್ಲ.

ಎರಡನೇ ಚರಣದ ಕೊನೆ ಸಾಲು "ಎಲ್ಲರು" ಕೂಡ ಹಾಗೇ. ಬಳ್ಳಿ, ಮುಳ್ಳು, ಒಳ್ಳೆ ಆದಮೇಲೆ "ಎಲ್ಲ" ಬಂದರೆ ಕಿವಿಗೆ ಎಡವಿದ ಹಾಗಾಗುತ್ತೆ.

ತಾಳಮೇಳ:
ಲ ಮತ್ತು ಳ ಒಂದೇ ಥರ ಕೇಳುತ್ತಲ್ಲ, ನಡೆಯುತ್ತೆ ಬಿಡಿ.

ಪದ ಪ್ರೀತಿ:
ನಮ್ಮ ಕಡೆ "ಹಳ್ಳಿ" ಬೇರೆ, "ಹಲ್ಲಿ" ಬೇರೆ. ಯಾರು ಏನೇ ಹೇಳಲಿ, ನನಗೆ ಅದು ನಡೆಯಲ್ಲ.

ಶ್ರುತಿ ಕೂಡಿದಾಗ:
ಒಂದು ವಿನಂತಿ. ತಪ್ಪು ತೋರಿಸಿ, ಆದರೆ ಸಾಲು ಬರೆದು ಕೊಡಬೇಡಿ ದಯವಿಟ್ಟು. ಪರೀಕ್ಷೆ ಅವರದು. ನಾನೂ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ಅಪ್ಪ ಅಮ್ಮ ಬರೆದುಕೊಟ್ಟ ಹಾಡು ಹಾಡುವಾಗ ಮಗುವಿನ ಮುಖದಲ್ಲೇ ಗೊತ್ತಾಗಿಬಿಡುತ್ತೆ.

ಹೊಸಕಲಿಕೆ:
ಖಂಡಿತ. ನಾನೇ ತಿದ್ದಿ ತರುತ್ತೇನೆ, ಒಂದು ದಿನ ಕೊಡಿ.

ದಾಸವಾಣಿ ಓದುಗ:
ಎಲ್ಲರೂ ತಾಳದ ಹಿಂದೆ ಬಿದ್ದು ದೊಡ್ಡ ವಿಷಯ ಬಿಟ್ಟುಬಿಟ್ಟಿದ್ದೀರಿ. ತಂಗೀ, ನೀನು ಬರೆದ ಹಾಡಿಗೆ "ಪುರಂದರವಿಠಲ" ಅಂತ ಅಂಕಿತ ಹಾಕುವ ಹಾಗಿಲ್ಲ. ಅದು ಒಬ್ಬರ ಮುದ್ರೆ. ಬೇರೆಯವರ ಸಹಿ ಮಾಡಿದ ಹಾಗೆ ಆಗುತ್ತೆ. ಇವತ್ತು ನಿನ್ನ ಹಾಡನ್ನು ಯಾರೋ ಫೋನಿನಲ್ಲಿ ಹಂಚುತ್ತಾರೆ, ನಾಳೆ ಯಾರೋ ಭಜನೆ ಪುಸ್ತಕಕ್ಕೆ ಸೇರಿಸುತ್ತಾರೆ. ಕೊನೆ ಸಾಲು ನೋಡಿ ಪುರಂದರದಾಸರದೇ ಅಂದುಕೊಳ್ಳುತ್ತಾರೆ. ಹೀಗೆ ಸೇರಿಕೊಂಡ ಪದಗಳನ್ನು ಬೇರೆ ಮಾಡಲು ಸಂಪಾದಕರು ಎಷ್ಟು ಕಷ್ಟಪಡುತ್ತಾರೆ ಗೊತ್ತಾ?

ತಾಳಮೇಳ:
ಹಾಗಾದರೆ ಅವರ ಹೆಸರನ್ನೇ ಹಾಕಲಿ. ಅಂಕಿತ ಅಂದರೆ ಬರೆದವರ ಹೆಸರೇ ತಾನೆ?

ದಾಸವಾಣಿ ಓದುಗ:
ಅಲ್ಲ. ಪುರಂದರದಾಸರು ಹೇಳುವುದು ವಿಠಲನ ಹೆಸರು. ವ್ಯಾಸರಾಯರ ಅಂಕಿತ ಶ್ರೀಕೃಷ್ಣ, ವಾದಿರಾಜರದು ಹಯವದನ, ಕನಕದಾಸರದು ಕಾಗಿನೆಲೆಯ ಆದಿಕೇಶವ. ಎಲ್ಲವೂ ದೇವರ ಹೆಸರೇ. ಬರೆದವನು ಯಾರು ಅನ್ನೋದು ಆ ದೇವರ ಹೆಸರಿನ ಮೂಲಕ ತಿಳಿಯುತ್ತೆ.

ಹಳೇ ತಂಬೂರಿ:
ಬಹುಪಾಲು ಹಾಗೇ ಸರ್. ಆದರೆ ಮಹಿಪತಿದಾಸರ ಪದಗಳಲ್ಲಿ "ಮಹಿಪತಿ" ಅಂತಲೇ ಬರುತ್ತದಲ್ಲ. ಆದ್ದರಿಂದ ತಾಳಮೇಳ ಹೇಳಿದ್ದು ಪೂರ್ತಿ ತಪ್ಪಲ್ಲ.

ದಾಸವಾಣಿ ಓದುಗ:
ಸರಿ, ಅದನ್ನು ಒಪ್ಪಿದೆ. ಆದರೆ ಇನ್ನೊಂದು ಮಾತಿದೆ. ಸಂಪ್ರದಾಯದಲ್ಲಿ ಅಂಕಿತವನ್ನು ತಾನೇ ಇಟ್ಟುಕೊಳ್ಳುವುದಿಲ್ಲ, ಗುರು ಕೊಡಬೇಕು. ವಿಜಯದಾಸರ ಶಿಷ್ಯರು ಗೋಪಾಲದಾಸರು, ಅವರ ಶಿಷ್ಯರು ಮಾನ್ವಿಯ ಜಗನ್ನಾಥದಾಸರು. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ. ಆ "ವಿಠಲ" ಒಂದು ಮನೆತನದ ಹೆಸರಿನ ಹಾಗೆ ಇಳಿದು ಬಂದಿದೆ. ನಾವು ಸುಮ್ನೆ ನಮ್ಮ ಹೆಸರಿನ ಮುಂದೆ ವಿಠಲ ಅಂತ ಸೇರಿಸಿಕೊಂಡರೆ ಅದು ಸರಿಯಲ್ಲ.

ವೀಣಾಪ್ರಿಯ:
ಅಯ್ಯೋ, ಕ್ಲಾಸಿನ ಪರೀಕ್ಷೆಗೆ ದೀಕ್ಷೆ ತಗೋಬೇಕಾ?

ಶ್ರುತಿ ಕೂಡಿದಾಗ:
ಬೇಡ. ನಮ್ಮ ಕ್ಲಾಸಿನಲ್ಲಿ ಮನೆದೇವರ ಹೆಸರು, ಊರಿನ ಹೆಸರು ಸೇರಿಸಿ ಒಂದು ಮುದ್ರೆ ಮಾಡಿಕೊಳ್ಳಿ ಅಂತೀನಿ. ಕಾಗಿನೆಲೆ ಊರು, ಆದಿಕೇಶವ ದೇವರು. ಹೆಳವನಕಟ್ಟೆ ಗಿರಿಯಮ್ಮನವರ "ಹೆಳವನಕಟ್ಟೆ ರಂಗ" ಕೂಡ ಅದೇ ರೀತಿ. ಮಗು ಅದನ್ನು ಮೇಷ್ಟ್ರಿಗೆ ತೋರಿಸಿ ಒಪ್ಪಿಗೆ ತಗೊಂಡರೆ ಗುರು ಕೊಟ್ಟ ಹಾಗೂ ಆಯಿತು. ಹೊಸಕಲಿಕೆ ಅವರೇ, ನಿಮ್ಮ ಮನೆದೇವರು ಯಾರು?

ಹೊಸಕಲಿಕೆ:
ನರಸಿಂಹ. ಊರಾಚೆ ಸಣ್ಣ ಬೆಟ್ಟದ ಮೇಲೆ ಗುಡಿ. ಅಜ್ಜಿ "ಬೆಟ್ಟದ ನರಸಿಂಗ" ಅಂತಲೇ ಕರೆಯುತ್ತಿದ್ದರು.

ಹಳೇ ತಂಬೂರಿ:
ಮೇಡಂ, ನಿಮ್ಮ ಮೊದಲ ಚರಣ ಇನ್ನೊಮ್ಮೆ ಓದಿ. "ಬೆಟ್ಟದ ಒಡೆಯನೆ ನಾನೆಂದೆ."

ಹೊಸಕಲಿಕೆ:
ಮೈ ಜುಮ್ ಅಂತು ಸರ್. ಪ್ರಾಸಕ್ಕೆ ಅಂತ "ಬೆಟ್ಟ" ಹಾಕಿದ್ದೆ, ಅಷ್ಟೇ. ಬೆಟ್ಟದ ಒಡೆಯ ನಾನೇ ಅಂದುಕೊಂಡು ಬಿದ್ದವನು ಕೊನೆಗೆ ಬೆಟ್ಟದ ನರಸಿಂಗನನ್ನೇ ಕೂಗುತ್ತಾನೆ!

ರಾಟೆಬಾವಿ:
ನನಗೆ ಸಂಗೀತ ಬರಲ್ಲ. ಬಾವಿ ಗೊತ್ತು. ನಮ್ಮ ಮನೆಯದು ನಲವತ್ತು ಅಡಿ. ಮೂರನೇ ಚರಣದಲ್ಲಿ "ಬಗ್ಗುತ ಕೈಯನು ನೀಡಯ್ಯ" ಅಂದಿದ್ದೀರಿ. ತಳ ಸೇರಿದವನಿಗೆ ಮೇಲಿಂದ ಕೈ ಹೇಗೆ ಎಟುಕುತ್ತೆ? ಪಲ್ಲವಿಯಲ್ಲಿ ಹಗ್ಗ ಕೇಳಿದ್ದೀರಿ, ಇಲ್ಲಿ ಕೈ ಕೇಳ್ತೀರಿ. ಎರಡರಲ್ಲಿ ಒಂದು ಕೇಳಿ.

ತಾಳಮೇಳ:
ದೇವರ ಕೈಗೆ ನಲವತ್ತು ಅಡಿ ದೊಡ್ಡದಾ ಅಣ್ಣ? ವಾಮನನಾಗಿ ಬಂದು ಲೋಕವನ್ನೇ ಅಳೆದವನು.

ರಾಟೆಬಾವಿ:
ಅಷ್ಟು ಉದ್ದದ ಕೈ ಇದ್ದರೆ ಹಗ್ಗ ಯಾಕೆ ಕೇಳಬೇಕು?

ಹಳೇ ತಂಬೂರಿ:
ರಾಟೆಬಾವಿ ಹೇಳಿದ್ದೇ ಸರಿ. ಇದು ಹಾಡಿಗೂ ಮುಖ್ಯ. ಪ್ರತಿ ಚರಣ ಆದಮೇಲೆ ಪಲ್ಲವಿಗೆ ಬರುತ್ತೀರಲ್ಲ. ಚರಣದ ಕೊನೆ ಸಾಲನ್ನೂ ಪಲ್ಲವಿಯ ಮೊದಲ ಸಾಲನ್ನೂ ಒಟ್ಟಿಗೆ ಒಂದೇ ಮಾತಿನ ಹಾಗೆ ಓದಿ ನೋಡಬೇಕು. "ತಳ ಸೇರಿದೆನೋ, ಹಗ್ಗವ ಬಿಡು." ಚೆನ್ನಾಗಿ ಕೂಡುತ್ತದೆ. "ಎಲ್ಲರೂ ಬಿಟ್ಟರು, ಹಗ್ಗವ ಬಿಡು." ಇದೂ ಕೂಡುತ್ತದೆ. ಮೂರನೆಯದರಲ್ಲಿ ಕೈ ಕೇಳಿ ಮತ್ತೆ ಹಗ್ಗ ಕೇಳಿದರೆ ಕೇಳುವವರ ಮನಸ್ಸು ಅಲ್ಲಿ ಒಂದು ಗಳಿಗೆ ನಿಲ್ಲುತ್ತದೆ.

ಜಾನಪದ ಹುಡುಗ:
ಬಾವಿ ಅಂದಾಗ ನೆನಪಾಯ್ತು. ನಮ್ಮೂರಲ್ಲಿ ಬಿಂದಿಗೆ ಬಾವಿಗೆ ಬಿದ್ದರೆ ಪಾತಾಳಗರಡಿ ಇಳಿಬಿಡೋರು. ಕಬ್ಬಿಣದ ಕೊಕ್ಕೆಗಳ ಗೊಂಚಲು. ಬಾವಿಯ ತಳದಲ್ಲಿ ಕುರುಡಾಗಿ ಆಡಿಸ್ತಾ ಇದ್ದರೆ ಟಣ್ ಅಂತ ಸಿಕ್ಕಿಕೊಳ್ಳೋದು. ಇಡೀ ಬೀದಿಗೆ ಒಂದೇ ಮನೆಯಲ್ಲಿ ಇರ್ತಿತ್ತು, ಎಲ್ಲರೂ ಅವರ ಮನೆ ಬಾಗಿಲಿಗೆ ಹೋಗೋರು. ಅದನ್ನೂ ಹಾಡಿಗೆ ಸೇರಿಸಿ ಅಕ್ಕ!

ರಾಟೆಬಾವಿ:
ನಮ್ಮ ಮನೆಯಲ್ಲಿ ಇನ್ನೂ ಇದೆ. ಅಟ್ಟದ ಮೇಲೆ.

ಹೊಸಕಲಿಕೆ:
ತಿದ್ದಿ ತಂದಿದ್ದೇನೆ. ಮೇಷ್ಟ್ರಿಗೆ ಅಂಕಿತವನ್ನೂ ತೋರಿಸಿದೆ, ಒಪ್ಪಿದರು. ನೋಡಿ:

ಪಲ್ಲವಿ
ಹಗ್ಗವ ಇಳಿಬಿಡೊ ನರಹರಿಯೇ
ಮುಗ್ಗರಿಸಿದೆ ಭವಬಾವಿಯಲಿ

ಎರಡನೇ ಚರಣದ ಕೊನೆ ಸಾಲು
ಸುಳ್ಳಿನ ನೆಪದಲಿ ಸರಿದರಲಾ

ಮೂರನೇ ಚರಣದ ಕೊನೆಯ ಎರಡು ಸಾಲು
ಬಗ್ಗುತ ಬಾವಿಯ ನೋಡಯ್ಯ
ಹಿಗ್ಗಿಸೊ ಬೆಟ್ಟದ ನರಸಿಂಗ

ಪದ ಪ್ರೀತಿ:
ಆಹಾ! "ಸುಳ್ಳಿನ ನೆಪದಲಿ ಸರಿದರಲಾ" ಮೊದಲಿನದಕ್ಕಿಂತ ಎಷ್ಟೋ ವಾಸಿ. ಬಿಟ್ಟರು ಅನ್ನೋದಕ್ಕಿಂತ ನೆಪ ಹೇಳಿ ಸರಿದರು ಅಂದಾಗ ಆ ಜನರ ಮುಖ ಕಣ್ಣಿಗೆ ಕಾಣುತ್ತೆ.

ಹಳೇ ತಂಬೂರಿ:
ಎಣಿಸಿದೆ, ಎಲ್ಲವೂ ಕೂತಿದೆ. ಒಂದೇ ಒಂದು ಸಣ್ಣ ಮಾತು. "ಹಗ್ಗವ ಇಳಿಬಿಡೊ" ಅನ್ನುವಾಗ ನಡುವೆ ಬಾಯಿ ತೆರೆದು ನಿಲ್ಲುತ್ತದೆ. "ಹಗ್ಗವನಿಳಿಬಿಡೊ" ಅಂದರೆ ಮಾತ್ರೆ ಅಷ್ಟೇ ಇರುತ್ತದೆ, ಎಳೆ ಕಡಿಯುವುದಿಲ್ಲ. ಹಗ್ಗ ಬೇರೆ ಅಲ್ವಾ, ಕಡಿಯಬಾರದು.

ಹೊಸಕಲಿಕೆ:
ಹಗ್ಗವನಿಳಿಬಿಡೊ. ಹೇಳಿ ನೋಡಿದೆ, ನಾಲಿಗೆಗೆ ಹಾಯಾಗಿದೆ. ರಾಗ ಮೋಹನ ಇಟ್ಟುಕೊಳ್ಳಲಾ? ಗೀತೆ ಪಾಠದಲ್ಲಿ ಅದು ಚೆನ್ನಾಗಿ ಕೂತಿದೆ.

ವೀಣಾಪ್ರಿಯ:
ಮೋಹನ ಖುಷಿಯ ರಾಗ. ಇದು ಅಳುವ ಹಾಡು. ಆನಂದಭೈರವಿ ಇಟ್ಟರೆ ಕರುಳು ಹಿಂಡುತ್ತೆ.

ಶ್ರುತಿ ಕೂಡಿದಾಗ:
ನಾಲ್ಕು ದಿನದಲ್ಲಿ ಆನಂದಭೈರವಿ ಕಲಿಯಲು ಆಗುತ್ತಾ? ಅದರ ವಕ್ರ ನಡೆ ತಪ್ಪಿದರೆ ಸಾಹಿತ್ಯ ಎಷ್ಟು ಚೆನ್ನಾಗಿದ್ದರೂ ಪ್ರಯೋಜನ ಇಲ್ಲ. ಮೋಹನವನ್ನೇ ನಿಧಾನ ಕಾಲದಲ್ಲಿ ಹಾಡಿದರೆ ಬೇಡುವ ಭಾವ ಬರುತ್ತೆ. ಹೇಗೂ ಒಂದೇ ಪದವನ್ನು ಒಬ್ಬೊಬ್ಬರು ಒಂದೊಂದು ರಾಗದಲ್ಲಿ ಹಾಡುತ್ತಾರೆ. ದಾಸರ ಪದಗಳಿಗೆ ಇವತ್ತು ನಾವು ಕೇಳುವ ಎಷ್ಟೋ ಮಟ್ಟುಗಳು ಆಮೇಲೆ ಹಾಕಿದವು.

ಮೊದಲ ಸಾಲನ್ನು ನಾನು ಹೀಗೆ ಹಾಡಿ ನೋಡಿದೆ. ಬೇಕಾದರೆ ಬದಲಿಸಿಕೊಳ್ಳಿ:

ಗಾ ಗರಿ ಸರಿ ಗಪ | ಗಪ ದಪ | ಗಾ , , ||
ಹ ಗ್ಗವ ನಿಳಿ ಬಿಡೊ | ನರ ಹರಿ | ಯೇ . . ||

"ಹಗ್ಗ"ದಲ್ಲಿ ಹುಷಾರಾಗಿರಿ. "ಹ" ಮೇಲೆ ಎರಡು ಮಾತ್ರೆ ನಿಲ್ಲಬೇಕು, ಆದರೆ "ಹಾಗವ" ಅಂತ ಆಗಬಾರದು. ನಿಂತು, ಆಮೇಲೆ ಗ್ಗವನ್ನು ಒತ್ತಿ ಬಿಡಿ. ಹೊಸದಾಗಿ ಕಲಿಯುವವರು ಒತ್ತಕ್ಷರವನ್ನು ನುಂಗಿಬಿಡುತ್ತಾರೆ. ಈ ಹಾಡಿನಲ್ಲಿ ಗ್ಗ, ಟ್ಟ, ಳ್ಳ ಇವೇ ಪ್ರಾಸ. ನುಂಗಿದರೆ ಪ್ರಾಸವೇ ಕೇಳಿಸಲ್ಲ.

ಹೊಸಕಲಿಕೆ:
ಅಯ್ಯೋ, ನಾನು "ಹಾಗವ" ಅಂತಲೇ ಹಾಡುತ್ತಿದ್ದೆ! ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದಾಗ ಗೊತ್ತಾಯಿತು. "ಕಟ್ಟೆಯ" ಕೂಡ "ಕಾಟೆಯ" ಆಗಿದೆ. ಇವತ್ತು ಸಂಜೆ ಬರೀ ಅದನ್ನೇ ಹಾಡಿದ್ದೇನೆ.

ದಾಸವಾಣಿ ಓದುಗ:
"ಭವಬಾವಿ" ಅನ್ನೋದು ನನಗೆ ಸರಿ ಕಾಣುತ್ತಿಲ್ಲ ತಂಗಿ. ಭವ ಸಂಸ್ಕೃತ, ಬಾವಿ ಕನ್ನಡದ ರೂಪ. ಎರಡನ್ನೂ ಸೇರಿಸಿದರೆ ಅರಿಸಮಾಸ. "ಭವಕೂಪ" ಅನ್ನಬೇಕು.

ಪದ ಪ್ರೀತಿ:
ಭವಕೂಪದೊಳಗೆ ರಾಟೆ ಹಗ್ಗ ಇಳಿಬಿಡ್ತಾರಾ ಸರ್? ಈ ಹಾಡಿನಲ್ಲಿ ಕಟ್ಟೆ ಇದೆ, ಬಳ್ಳಿ ಇದೆ, ಮುಳ್ಳುಗಿಡ ಇದೆ. ಇದು ಬಾವಿಯೇ. ಮನೆಮಾತು ದೇವರ ಮಾತು ಎರಡನ್ನೂ ಕಲಸೋದು ದಾಸರ ಪದದ ಗುಣ ತಾನೆ?

ದಾಸವಾಣಿ ಓದುಗ:
ಕಲಸೋದು ಬೇರೆ, ಸಮಾಸ ಮಾಡೋದು ಬೇರೆ. "ಭವದ ಬಾವಿ" ಅಂದರೆ ತಕರಾರಿಲ್ಲ.

ಹಳೇ ತಂಬೂರಿ:
"ಮುಗ್ಗರಿಸಿದೆ ಭವದ ಬಾವಿಯಲಿ" ಅಂದರೆ ಒಂದು ಮಾತ್ರೆ ಜಾಸ್ತಿ ಆಗಿ "ಬಾವಿ" ತನ್ನ ಜಾಗ ಬಿಟ್ಟು ಸರಿಯುತ್ತದೆ. ನಾನಾದರೆ "ಭವಬಾವಿ"ಯನ್ನೇ ಉಳಿಸುತ್ತೇನೆ. ವ್ಯಾಕರಣದಲ್ಲಿ ಸರ್ ಹೇಳಿದ್ದು ಸರಿ, ಅದರಲ್ಲಿ ಎರಡು ಮಾತಿಲ್ಲ.

ಹೊಸಕಲಿಕೆ:
ಪರೀಕ್ಷೆ ಮುಗಿಯಿತು. ಪಲ್ಲವಿ ಎರಡು ಸಲ ಹಾಡಿದೆ, ತಾಳ ತಪ್ಪಲಿಲ್ಲ. ಎರಡನೇ ಚರಣದಲ್ಲಿ "ಮುಳ್ಳಿನ" ಅನ್ನುವಾಗ ಉಸಿರು ಸಾಲದೆ ಕೊನೆಯ "ನೋ" ಬೇಗ ಬಿಟ್ಟೆ, ಅದಕ್ಕೆ ಒಂದು ಅಂಕ ಹೋಯಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಅಂಕಿತ ಕೇಳಿ "ಇದು ಎಲ್ಲಿಯ ನರಸಿಂಗ?" ಅಂದರು. ನಮ್ಮೂರ ಗುಡಿ, ಅಜ್ಜಿ ಕರೆಯುತ್ತಿದ್ದ ಹೆಸರು ಎಲ್ಲ ಹೇಳಿದೆ. ಮೊದಲ ಚರಣವನ್ನು ಇನ್ನೊಂದು ಸಲ ಹಾಡಿಸಿ ಕೇಳಿದರು. ಆಮೇಲೆ "ಭವಬಾವಿ" ಅಂತ ಹಾಳೆಯಲ್ಲಿ ಗೆರೆ ಎಳೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದಾರೆ. ಅಂಕ ಮಾತ್ರ ಕಳೆದಿಲ್ಲ.

ದಾಸವಾಣಿ ಓದುಗ:
ನಾನು ಹೇಳಲಿಲ್ವಾ! ಆದರೂ ತುಂಬ ಸಂತೋಷ ತಂಗಿ.

ಪದ ಪ್ರೀತಿ:
ಅಂಕ ಕಳೆದಿಲ್ಲವಲ್ಲ ಸರ್, ಅಂದರೆ ಒಪ್ಪಿದ್ದಾರೆ ಅಂತ ಅರ್ಥ.

ದಾಸವಾಣಿ ಓದುಗ:
ಪ್ರಶ್ನೆ ಚಿಹ್ನೆ ಹಾಕಿದ್ದು ಒಪ್ಪಿಗೆಯಾ?

ರಾಟೆಬಾವಿ:
ಹಾಡಿನ ರೆಕಾರ್ಡಿಂಗ್ ಇದ್ದರೆ ಹಾಕಿ ಮೇಡಂ. ನಮ್ಮಮ್ಮನಿಗೆ ಸಾಹಿತ್ಯ ಓದಿ ಹೇಳಿದೆ, ಕೇಳಬೇಕು ಅಂತಿದ್ದಾರೆ.